ಕಾಲೇಜಿಗೆ ಯಾವ ಸೆಂಟು?

ಪ್ರೀತಿಯ ಪುಟ್ಟಿಗೆ,

ಬಾಡಿ ಮಿಸ್ಟ್, ಓ ಡಿ ಪರ್ಫ್ಯೂಮ್, ರೋಲ್-ಆನ್ ಅತ್ತರು, ಈ ಮೂರರಲ್ಲಿ ಯಾವುದು ಕೊಳ್ಳಲಿ ಅಂತ ಕೇಳಿದ್ದೀಯ. ಹೊಳಲ್ಕೆರೆಯಲ್ಲಿ ಫ್ಯಾನ್ಸಿ ಸ್ಟೋರ್ ನಡೆಸುವವಳಾಗಿ ನೇರವಾಗಿ ಹೇಳುತ್ತೇನೆ: ದಿನಾ ಹಿರಿಯೂರಿನಿಂದ ದುರ್ಗಕ್ಕೆ ಬಸ್ಸಿನಲ್ಲಿ ಓಡಾಡುವ ನಿನಗೆ ರೋಲ್-ಆನ್ ಸರಿ.

ಮಿಸ್ಟಿನಲ್ಲಿ ಪರಿಮಳದ ಎಣ್ಣೆ ಸಾಮಾನ್ಯವಾಗಿ ನೂರಕ್ಕೆ 1ರಿಂದ 3 ಭಾಗ ಮಾತ್ರ; ಮಿಕ್ಕಿದ್ದೆಲ್ಲ ಹೆಚ್ಚಾಗಿ ಆಲ್ಕೋಹಾಲ್ ಮತ್ತು ನೀರು. ನಮ್ಮ ಕಡೆಯ ಒಣ ಬಿಸಿಲು, ಕಿಟಕಿಯಿಂದ ನುಗ್ಗುವ ಗಾಳಿಗೆ ಅದು ಕಾಲೇಜು ಮುಟ್ಟುವ ಹೊತ್ತಿಗೆ ಹಾರಿಹೋಗಿರುತ್ತದೆ. ಮತ್ತೆ ಮತ್ತೆ ಹೊಡೆದುಕೊಂಡು ಬಾಟಲಿ ಬೇಗ ಖಾಲಿ ಮಾಡುತ್ತೀಯ.

ಪರ್ಫ್ಯೂಮಿನಲ್ಲಿ ಎಣ್ಣೆ 15ರಿಂದ 20 ಭಾಗ. ದುಬಾರಿ ಅನ್ನಿಸಿದರೂ ಲೆಕ್ಕ ಹಾಕಿ ನೋಡು. ಒಂದು ಸಲ ಒತ್ತಿದರೆ ಸುಮಾರು 0.1 ಮಿಲಿ ಬರುತ್ತದೆ. 50 ಮಿಲಿ ಬಾಟಲಿ, ದಿನಕ್ಕೆ ಎರಡೇ ಸಲ ಅಂದರೂ ಸುಮಾರು 250 ದಿನ. ದುಡ್ಡಿನ ಮಾತಲ್ಲ ನನ್ನದು. ಹಚ್ಚಿದ ಮೊದಲ ಅರ್ಧ ಗಂಟೆ ಅದರ ವಾಸನೆ ಜೋರು, ಆ ಹೊತ್ತಿಗೇ ನೀನು ತುಂಬಿದ ಬಸ್ಸಿನಲ್ಲಿ ನಿಂತಿರುತ್ತೀಯ. ಪಕ್ಕದಲ್ಲಿರುವವರಿಗೆ ತಲೆನೋವು. ಅದನ್ನು ಹೊಸದುರ್ಗದಲ್ಲಿ ಅಕ್ಕನ ಮದುವೆಗೆ ಇಟ್ಟುಕೋ. ರೇಷ್ಮೆ ಸೀರೆಯ ಮೇಲೆ ಮಾತ್ರ ಹೊಡೆಯಬೇಡ, ಕಲೆ ಕೂರುತ್ತದೆ.

ರೋಲ್-ಆನ್ ಎಣ್ಣೆಯಲ್ಲಿ ಆಲ್ಕೋಹಾಲ್ ಇರುವುದಿಲ್ಲ. ಹಾಗಾಗಿ ಬೇಗ ಹಾರುವುದಿಲ್ಲ, ಮೈ ಬಿಸಿಗೆ ನಿಧಾನವಾಗಿ ಪರಿಮಳ ಬಿಡುತ್ತದೆ, ಹತ್ತಿರ ಕೂತವರಿಗಷ್ಟೇ ಗೊತ್ತಾಗುತ್ತದೆ. ಹಿಂದಿನವರು ಹೂವಿನ ಸಾರವನ್ನು ಶ್ರೀಗಂಧದೆಣ್ಣೆಗೇ ಇಳಿಸುತ್ತಿದ್ದರು. ಈಗ ಅಗ್ಗಕ್ಕೆ ಸಿಗುವ ಅತ್ತರಿನಲ್ಲಿ ಆ ಗಂಧವನ್ನು ಹುಡುಕಬೇಡ. ದಿನದ ಬಳಕೆಗೆ ಆ ಅಗ್ಗದ ಅತ್ತರೂ ಸಾಕು.

ಹಚ್ಚುವುದರಲ್ಲಿ ಎಚ್ಚರ ಬೇಕು. ಸ್ನಾನ ಆಗಿ ಮೈ ಒರೆಸಿದ ಮೇಲೆ ಹಚ್ಚು. ಬೆವರಿದ ಮೈ ಮೇಲೆ ಉರುಳಿಸಿದರೆ ಆ ಗುಂಡು ಬೆವರು, ಕೊಳೆಯನ್ನು ಶೀಶೆಯೊಳಗೇ ಒಯ್ಯುತ್ತದೆ. ಕೆಲವು ದಿನಕ್ಕೆ ಎಣ್ಣೆ ಮಬ್ಬಾಗಿ ಕಮಟು ವಾಸನೆ ಬಂದರೆ ಕೆಟ್ಟಿತು ಅಂತಲೇ ತಿಳಿ. ಮುಂಗೈಗೆ ಹಚ್ಚಿ ಉಜ್ಜಬೇಡ, ಹಾಗೇ ಬಿಡು. ಬಟ್ಟೆಗೆ ತಾಗಿದರೆ ಜಿಡ್ಡು ಸುಲಭವಾಗಿ ಹೋಗುವುದಿಲ್ಲ. ಬಿಸಿಲು ಬೀಳುವ ಕುತ್ತಿಗೆಗೆ ನಿಂಬೆ, ಕಿತ್ತಳೆ ಜಾತಿಯ ಪರಿಮಳ ಬೇಡ. ಅಂಥ ಕೆಲವು ಎಣ್ಣೆ ಬಿಸಿಲಿಗೆ ಚರ್ಮವನ್ನು ಕಪ್ಪಗೆ ಮಾಡುತ್ತವೆ. ಕಂಕುಳಿನ ಬೆವರಿನ ವಾಸನೆಯನ್ನು ಅತ್ತರಿನಿಂದ ಮುಚ್ಚಲು ಹೋಗಬೇಡ, ಎರಡೂ ಬೆರೆತು ಇನ್ನೂ ಹಾಳು. ಅದಕ್ಕೆ ಸೋಪು, ನೀರು.

ಕೊಂಡ ದಿನವೇ ಮೊಣಕೈ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ ಒಂದೆರಡು ದಿನ ಬಿಡು. ಕೆಂಪಾದರೆ, ತುರಿಸಿದರೆ ಹಚ್ಚಬೇಡ. ಏನೂ ಆಗದಿದ್ದರೆ ಸೋಮವಾರದಿಂದ ಕಾಲೇಜಿಗೆ ಹಚ್ಚಿಕೊಂಡು ಹೋಗು, ಹೇಗಿತ್ತು ಅಂತ ಬರಿ.

ನಿನ್ನ ದೊಡ್ಡಮ್ಮ