ತಾಳೆ ಬಂತೆಂದು ಲೆವೆಲ್ ಬುಕ್ ಮುಚ್ಚಬೇಡ

ನೋಡಮ್ಮ, ನಿನ್ನ ಸರ್ವೆ ಅಸೈನ್‌ಮೆಂಟಿನ ಲೆಕ್ಕ ನೋಡಿದೆ. ಹತ್ತು ರೀಡಿಂಗುಗಳನ್ನು ಸಾಲಾಗಿ ಕೊಟ್ಟಿದ್ದಾರೆ: 0.855, 1.545, 2.335, 3.115, 0.455, 1.380, 2.055, 2.605, 1.760, 0.940. ನಾಲ್ಕನೆಯದು ಮತ್ತು ಏಳನೆಯದು ಆದ ಮೇಲೆ ಲೆವೆಲ್ಲಿನ ಜಾಗ ಬದಲಿಸಲಾಗಿದೆ. ಮೊದಲ ಪಾಯಿಂಟಿನ ಆರ್.ಎಲ್. 100.000. ಉಳಿದದ್ದನ್ನು ರೈಸ್ ಅಂಡ್ ಫಾಲ್ ಮೆಥಡ್ಡಿನಲ್ಲಿ ಬಿಡಿಸಬೇಕು. ಕ್ಯಾಲ್ಕುಲೇಟರ್ ಆಮೇಲೆ ತೆಗೆದುಕೊಳ್ಳುವೆಯಂತೆ, ಮೊದಲು ಸ್ಕೇಲು ಹಿಡಿದು ಮನೆ ಹಾಕು. ಈ ಲೆಕ್ಕದಲ್ಲಿ ಮಾರ್ಕು ಹೋಗುವುದು ಕಳೆಯುವುದರಲ್ಲಿ ಅಲ್ಲ, ಅಂಕಿಯನ್ನು ಯಾವ ಮನೆಯಲ್ಲಿ ಕೂರಿಸಿದೆ ಎನ್ನುವುದರಲ್ಲಿ.

ಲೆವೆಲ್ ನಿಲ್ಲಿಸಿದ ಮೇಲೆ ಮೊದಲು ಓದಿದ್ದು ಬಿ.ಎಸ್. ಅದನ್ನು ಎತ್ತುವ ಮುನ್ನ ಕೊನೆಗೆ ಓದಿದ್ದು ಎಫ್.ಎಸ್. ನಡುವೆ ಬಂದದ್ದೆಲ್ಲ ಐ.ಎಸ್. ಹಾಗಾದರೆ ನಾಲ್ಕನೆಯದು ಎಫ್.ಎಸ್., ಐದನೆಯದು ಬಿ.ಎಸ್. ಇವೆರಡನ್ನೂ ಓದುವಾಗ ಸ್ಟಾಫ್ ಕದಲಿಲ್ಲ, ಲೆವೆಲ್ ಮಾತ್ರ ಜಾಗ ಬದಲಿಸಿದೆ. ಆದ್ದರಿಂದ ಎರಡೂ ಒಂದೇ ಸಾಲಿನಲ್ಲಿ ಬರಬೇಕು, ರಿಮಾರ್ಕ್ಸ್ ಮನೆಯಲ್ಲಿ ಚೇಂಜ್ ಪಾಯಿಂಟ್ ಎಂದು ಬರೆಯಬೇಕು. ರೀಡಿಂಗು ಹತ್ತಾದರೂ ಎರಡು ಕಡೆ ಒಂದೇ ಪಾಯಿಂಟನ್ನು ಎರಡು ಸಲ ಓದಿದ್ದರಿಂದ ಸಾಲು ಎಂಟೇ. ಒಂಬತ್ತೋ ಹತ್ತೋ ಸಾಲು ಬಂದರೆ ಅಲ್ಲೇ ನಿಲ್ಲಿಸು, ಮುಂದೆ ಹೋಗಿ ಪ್ರಯೋಜನವಿಲ್ಲ.

| ಪಾಯಿಂಟ್ | ಬಿ.ಎಸ್. | ಐ.ಎಸ್. | ಎಫ್.ಎಸ್. | ರೈಸ್ | ಫಾಲ್ | ಆರ್.ಎಲ್. |
|---|---|---|---|---|---|---|
| 1 | 0.855 | | | | | 100.000 |
| 2 | | 1.545 | | | 0.690 | 99.310 |
| 3 | | 2.335 | | | 0.790 | 98.520 |
| 4 | 0.455 | | 3.115 | | 0.780 | 97.740 |
| 5 | | 1.380 | | | 0.925 | 96.815 |
| 6 | 2.605 | | 2.055 | | 0.675 | 96.140 |
| 7 | | 1.760 | | 0.845 | | 96.985 |
| 8 | | | 0.940 | 0.820 | | 97.805 |
| ಮೊತ್ತ | 3.915 | | 6.110 | 1.665 | 3.860 | |

ಹಿಂದಿನ ರೀಡಿಂಗಿನಲ್ಲಿ ಈಗಿನ ರೀಡಿಂಗನ್ನು ಕಳೆ. ಉಳಿದರೆ ರೈಸ್, ಸಾಲದೆ ಬಂದರೆ ಫಾಲ್. ಸ್ಟಾಫಿನಲ್ಲಿ ಅಂಕಿ ದೊಡ್ಡದಾದಷ್ಟೂ ನೆಲ ತಗ್ಗು. ಮೊದಮೊದಲು ಇದು ತಲೆಕೆಳಗಾಗಿ ಕಾಣುತ್ತದೆ. ಲೆವೆಲ್ಲಿನ ದೃಷ್ಟಿರೇಖೆ ಅಡ್ಡಲಾಗಿ ಒಂದೇ ಎತ್ತರದಲ್ಲಿ ಹೋಗುತ್ತದೆ, ನೆಲ ಕೆಳಗಿಳಿದಷ್ಟೂ ಆ ರೇಖೆ ಸ್ಟಾಫನ್ನು ಮೇಲೆ ಮೇಲೆ ಮುಟ್ಟುತ್ತದೆ ಎಂದು ಒಮ್ಮೆ ಚಿತ್ರ ಬರೆದು ನೋಡಿಕೊಂಡರೆ ಆ ಗೊಂದಲ ಮತ್ತೆ ಬರುವುದಿಲ್ಲ.

ಎಲ್ಲರೂ ಎಡವುವ ಜಾಗ ನಾಲ್ಕನೆಯ ಸಾಲಿನಿಂದ ಐದಕ್ಕೆ ಇಳಿಯುವಾಗ. ನಾಲ್ಕನೆಯ ಸಾಲಿನಲ್ಲಿ ಎರಡು ಅಂಕಿಗಳಿವೆ. ಮೇಲಿನಿಂದ ಬರುವಾಗ ಎಫ್.ಎಸ್. ಹಿಡಿಯಬೇಕು: 2.335ರಲ್ಲಿ 3.115 ಕಳೆದು 0.780 ಫಾಲ್. ಕೆಳಗೆ ಹೋಗುವಾಗ ಬಿ.ಎಸ್. ಹಿಡಿಯಬೇಕು: 0.455ರಲ್ಲಿ 1.380 ಕಳೆದು 0.925 ಫಾಲ್. ಒಂದು ನಿಲುಗಡೆಯಲ್ಲಿ ಓದಿದ್ದನ್ನು ಅದೇ ನಿಲುಗಡೆಯಲ್ಲಿ ಓದಿದ್ದರ ಜೊತೆ ಮಾತ್ರ ಹೋಲಿಸಬಹುದು. ಅಭ್ಯಾಸಬಲದಿಂದ 3.115ರಲ್ಲಿ 1.380 ಕಳೆದರೆ 1.735 ರೈಸ್ ಬರುತ್ತದೆ. ಇಳಿಯುತ್ತಿದ್ದ ನೆಲ ಇದ್ದಕ್ಕಿದ್ದಂತೆ ಆಳೆತ್ತರ ಎದ್ದು ನಿಂತ ಹಾಗೆ!

ಇನ್ನು ತಾಳೆ. ಬಿ.ಎಸ್. ಮೊತ್ತದಲ್ಲಿ ಎಫ್.ಎಸ್. ಮೊತ್ತ ಕಳೆದರೆ ಮೈನಸ್ 2.195. ರೈಸ್ ಮೊತ್ತದಲ್ಲಿ ಫಾಲ್ ಮೊತ್ತ ಕಳೆದರೂ ಅಷ್ಟೇ. ಕೊನೆಯ ಆರ್.ಎಲ್.ನಲ್ಲಿ ಮೊದಲನೆಯದನ್ನು ಕಳೆದರೂ ಅಷ್ಟೇ. ಮೂರೂ ಕೂಡಿದವು. ಕೂಡದಿದ್ದಾಗ ಎಲ್ಲವನ್ನೂ ಅಳಿಸಿ ಮೊದಲಿನಿಂದ ಕೂರಬೇಡ, ಎಷ್ಟು ತಪ್ಪಿದೆ ಎನ್ನುವುದನ್ನೇ ವಿಚಾರಿಸು. ಮೊದಲೆರಡು ಕೂಡಿ ಮೂರನೆಯದು ಮಾತ್ರ ಬೇರೆಯಾದರೆ ರೈಸ್, ಫಾಲ್ ಸರಿಯಿವೆ, ಆರ್.ಎಲ್. ಕೂಡಿ ಕಳೆಯುವಲ್ಲಿ ಎಲ್ಲೋ ಜಾರಿದ್ದೀಯೆ. ಮೊದಲೆರಡೇ ಕೂಡದೆ ವ್ಯತ್ಯಾಸ 1.850 ಬಂತೆನ್ನು, ಅದರ ಅರ್ಧ 0.925. ಐದನೆಯ ಸಾಲಿನ ಫಾಲನ್ನು ರೈಸ್ ಮನೆಗೆ ಹಾಕಿದ್ದೀಯೆ ಎಂದರ್ಥ. ವ್ಯತ್ಯಾಸ 2.660 ಬಂದರೆ ನಾಲ್ಕನೆಯ ಸಾಲಿನ ಎಫ್.ಎಸ್. ಮತ್ತು ಬಿ.ಎಸ್. ನಡುವಿನ ಅಂತರವನ್ನು ನೋಡು, 3.115ರಲ್ಲಿ 0.455 ಹೋದರೆ ಅದೇ 2.660. ಆಗಲೇ ಹೇಳಿದ ಎಡವಟ್ಟು ಆಗಿದೆ ಅಂತ ಲೆಕ್ಕವೇ ಬೆರಳಿಟ್ಟು ತೋರಿಸುತ್ತದೆ. ಮೊತ್ತ ಹೊಂದಿಸಲು ಯಾವುದೋ ಒಂದು ಫಾಲನ್ನು ತಿದ್ದುವವರಿದ್ದಾರೆ. ತಿದ್ದಿದ ಅಂಕಿ ಪಕ್ಕದ ರೀಡಿಂಗುಗಳಿಗೆ ಹೊಂದುವುದಿಲ್ಲ, ಪುಸ್ತಕ ನೋಡುವವರು ಒಂದೇ ಕಳೆಯುವಿಕೆಯಲ್ಲಿ ಹಿಡಿಯುತ್ತಾರೆ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು. ರೈಸ್ ಅಂಡ್ ಫಾಲ್ ಮೆಥಡ್ಡಿನಲ್ಲಿ ಐ.ಎಸ್.ಗೂ ತಾಳೆ ಇದೆ, ಹೈಟ್ ಆಫ್ ಇನ್‌ಸ್ಟ್ರುಮೆಂಟ್ ಮೆಥಡ್ಡಿನ ಸಾದಾ ತಾಳೆಯಲ್ಲಿ ಅದಿಲ್ಲ ಎಂದು ಪರೀಕ್ಷೆಯಲ್ಲಿ ಬರೆಯುತ್ತೀರಿ. ಮಾತು ಸರಿ, ಆದರೆ ತಾಳೆ ನೋಡುವುದು ನಿನ್ನ ಕೂಡು-ಕಳೆಯನ್ನು, ನಿನ್ನ ಕಣ್ಣನ್ನಲ್ಲ. ಮೂರನೆಯ ಪಾಯಿಂಟಿನ 2.335 ಅನ್ನು 2.535 ಎಂದು ಬರೆದುಕೊಂಡೆ ಎಂದಿಟ್ಟುಕೋ. ಅಲ್ಲಿನ ಫಾಲ್ 0.990 ಆಗುತ್ತದೆ, ಮುಂದಿನದು 0.580 ಆಗುತ್ತದೆ. ಒಂದು ಕಡೆ ಹೆಚ್ಚಿದ್ದು ಇನ್ನೊಂದು ಕಡೆ ಇಳಿದು ಫಾಲ್ ಮೊತ್ತ ಅದೇ 3.860 ಉಳಿಯುತ್ತದೆ. ನಾಲ್ಕನೆಯ ಪಾಯಿಂಟಿನಿಂದ ಮುಂದಿನ ಆರ್.ಎಲ್. ಎಲ್ಲವೂ ಸರಿ, ಮೂರು ತಾಳೆಯೂ ಸರಿ. ಮೂರನೆಯ ಪಾಯಿಂಟ್ ಮಾತ್ರ ಪುಸ್ತಕದಲ್ಲಿ 200 ಮಿಲಿಮೀಟರ್ ಕೆಳಗೆ ಕೂತಿರುತ್ತದೆ. ಆ ಸಾಲಿನಲ್ಲಿ ಚರಂಡಿ ಹೋಗಬೇಕಿದ್ದರೆ ಇಲ್ಲದ ಗುಂಡಿಯೊಂದು ಡ್ರಾಯಿಂಗಿನಲ್ಲಿ ಹುಟ್ಟಿಕೊಂಡಿತು.

ಇದನ್ನು ಹಿಡಿಯುವ ಜಾಗ ಫೀಲ್ಡೇ. ಟೆಲಿಸ್ಕೋಪಿನಲ್ಲಿ ನಡುಗೆರೆಯ ಮೇಲೊಂದು, ಕೆಳಗೊಂದು ಗಿಡ್ಡ ಸ್ಟೇಡಿಯಾ ಗೆರೆ ಇರುತ್ತದಲ್ಲ, ಅವನ್ನೂ ಓದಿ ಬರೆದುಕೋ. ಇಪ್ಪತ್ತು ಮೀಟರ್ ದೂರದ ಸ್ಟಾಫಿನಲ್ಲಿ ಅವು 2.435 ಮತ್ತು 2.235 ಎಂದು ಬಂದರೆ ಸರಾಸರಿ 2.335. ನಡುಗೆರೆಯ ಎದುರು 2.535 ಎಂದು ಬರೆದಿದ್ದರೆ ಸ್ಟಾಫ್ ಹಿಡಿದವನು ಜಾಗ ಬಿಡುವ ಮೊದಲೇ ಗೊತ್ತಾಗುತ್ತದೆ.

ಚೇಂಜ್ ಪಾಯಿಂಟಿನ ತಪ್ಪು ಇನ್ನೂ ಕೆಟ್ಟದ್ದು, ಅದು ಅಲ್ಲಿಂದ ಮುಂದಿನ ಎಲ್ಲ ಪಾಯಿಂಟಿಗೂ ಅಂಟಿಕೊಂಡು ಹೋಗುತ್ತದೆ. ಆಗಲೂ ಪುಸ್ತಕದ ತಾಳೆ ಕೂಡಿಯೇ ಇರುತ್ತದೆ. ಅದನ್ನು ತೋರಿಸಿಕೊಡುವುದು ಆರ್.ಎಲ್. ಗೊತ್ತಿರುವ ಬೆಂಚ್ ಮಾರ್ಕಿಗೆ ಹೋಗಿ ಮುಗಿಸುವುದೊಂದೇ. ಸಾಮಾನ್ಯ ಲೆವೆಲಿಂಗಿಗೆ ಕಿಲೋಮೀಟರುಗಳ ವರ್ಗಮೂಲವನ್ನು 24ರಿಂದ ಗುಣಿಸಿದಷ್ಟು ಮಿಲಿಮೀಟರ್ ವ್ಯತ್ಯಾಸಕ್ಕೆ ಪಠ್ಯಪುಸ್ತಕಗಳು ಒಪ್ಪುತ್ತವೆ. ಅರ್ಧ ಕಿಲೋಮೀಟರಿಗೆ ಹದಿನೇಳು ಮಿಲಿಮೀಟರ್ ಆಯಿತು. ನಿನ್ನ ಅಸೈನ್‌ಮೆಂಟಿನ ಎಂಟನೆಯ ಪಾಯಿಂಟ್ ಬೆಂಚ್ ಮಾರ್ಕ್ ಅಲ್ಲ, ಹಾಗಾಗಿ ಅದರ 97.805 ಲೆಕ್ಕಕ್ಕೆ ಸರಿ, ನೆಲಕ್ಕೆ ಸರಿಯೋ ಎಂದು ಕಾಗದದ ಮೇಲೆ ಹೇಳಲಾಗದು.

ಇನ್ನೊಂದು ಮಾತು. ಸರ್ವೆ ಕ್ಯಾಂಪಿಗೆ ಹೋಗುವಾಗ ರಬ್ಬರ್ ಮನೆಯಲ್ಲೇ ಬಿಟ್ಟು ಹೋಗು. ತಪ್ಪಿದ ರೀಡಿಂಗಿಗೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ನಿನ್ನ ಚಿಕ್ಕ ಸಹಿ ಹಾಕು.