ಸ್ಟಾಪ್ ಲಾಸ್ 730, ಮಾರಾಟ 691: ಗ್ಯಾಪ್ ಬಿದ್ದ ದಿನದ ಲೆಕ್ಕ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಹಣಕಾಸು ಮಾರುಕಟ್ಟೆಗಳ ಪಾಠ ಓದುವಾಗ ಷೇರು ವಿನಿಮಯ ಕೇಂದ್ರ, ಡಿಮ್ಯಾಟ್ ಖಾತೆ, ಸೆಬಿ ಎಲ್ಲವೂ ಬರುತ್ತವೆ. ಷೇರು ವ್ಯವಹಾರ ಮಾಡುವ ದೊಡ್ಡವರ ಬಾಯಲ್ಲಿ ಇವೆಲ್ಲಕ್ಕಿಂತ ಹೆಚ್ಚಾಗಿ ಕೇಳುವ ಮಾತು ಮಾತ್ರ "ಸ್ಟಾಪ್ ಲಾಸ್ ಹಾಕಿದ್ದೇನೆ, ಭಯವಿಲ್ಲ" ಎಂಬುದು. ಈ ಮಾತು ಎಷ್ಟು ನಿಜ ಎಂದು ಹಳೆಯ ಬೆಲೆಗಳ ಮೇಲೆ ಲೆಕ್ಕ ಹಾಕಿ ನೋಡಬಹುದು. ಇದಕ್ಕೆ ಬ್ಯಾಕ್‌ಟೆಸ್ಟ್ ಎನ್ನುತ್ತಾರೆ. ಆ ಲೆಕ್ಕದಲ್ಲಿ ಒಂದು ಸಾಲು ತಪ್ಪಿದರೆ ಉತ್ತರ ಹೇಗೆ ಬದಲಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಸ್ಟಾಪ್ ಲಾಸ್ ಏನು ಮಾಡುತ್ತದೆ?

ಒಂದು ಷೇರನ್ನು 768 ರೂಪಾಯಿಗೆ ಕೊಂಡು 730ಕ್ಕೆ ಸ್ಟಾಪ್ ಲಾಸ್ ಹಾಕಿದ್ದೀರಿ ಎಂದುಕೊಳ್ಳಿ. 730 ಎಂಬುದು ಟ್ರಿಗರ್ ಬೆಲೆ. ಮಾರುಕಟ್ಟೆಯ ಬೆಲೆ 730 ಅಥವಾ ಅದಕ್ಕಿಂತ ಕೆಳಗೆ ಬಂದರೆ ನಿಮ್ಮ ಮಾರಾಟದ ಆರ್ಡರ್ ಎಚ್ಚರಗೊಳ್ಳುತ್ತದೆ. 730ಕ್ಕೇ ಮಾರಿಕೊಡುತ್ತೇನೆಂದು ಯಾರೂ ಮಾತು ಕೊಟ್ಟಿಲ್ಲ. ಆ ಕ್ಷಣದಲ್ಲಿ ಕೊಳ್ಳುವವರು ಯಾವ ಬೆಲೆ ಕೊಡುತ್ತಾರೋ ಅದಕ್ಕೆ ಷೇರು ಹೋಗುತ್ತದೆ. ಬೆಲೆ 735, 732, 730 ಎಂದು ಮೆಟ್ಟಿಲಿಳಿದಂತೆ ಬಂದರೆ 730ರ ಹತ್ತಿರವೇ ಮಾರಾಟವಾಗುತ್ತದೆ. ಆದರೆ ನಮ್ಮ ಮಾರುಕಟ್ಟೆ ಮಧ್ಯಾಹ್ನ 3.30ಕ್ಕೆ ಮುಚ್ಚಿ ಮರುದಿನ ಬೆಳಿಗ್ಗೆ 9.15ಕ್ಕೆ ತೆರೆಯುತ್ತದೆ. ಸುದ್ದಿ ರಾತ್ರಿಯೂ ಬರುತ್ತದೆ. ಆಗ ಬೆಲೆ ನಡುವಿನ ಮೆಟ್ಟಿಲುಗಳನ್ನು ಮುಟ್ಟದೆ ನೇರವಾಗಿ ಕೆಳಗೆ ತೆರೆಯಬಹುದು. ಇದೇ ಗ್ಯಾಪ್.

ಇನ್ಫೋಸಿಸ್, 22 ಅಕ್ಟೋಬರ್ 2019

ನಮ್ಮ ಬೆಂಗಳೂರಿನ ಇನ್ಫೋಸಿಸ್ ಷೇರು 2019ರ ಅಕ್ಟೋಬರ್ 18, ಶುಕ್ರವಾರ ಸುಮಾರು 768 ರೂಪಾಯಿಗೆ ಮುಗಿದಿತ್ತು. ಸೋಮವಾರ ಮಹಾರಾಷ್ಟ್ರ ವಿಧಾನಸಭೆ ಚುನಾವಣೆಯ ಕಾರಣ ಮಾರುಕಟ್ಟೆಗೆ ರಜೆ. ಅದೇ ದಿನ, ಕಂಪನಿಯ ಲೆಕ್ಕಪತ್ರದಲ್ಲಿ ಅಕ್ರಮ ನಡೆದಿದೆ ಎಂದು ಆರೋಪಿಸುವ ಅನಾಮಧೇಯ ಪತ್ರದ ಸುದ್ದಿ ಹೊರಬಂತು. ನ್ಯೂಯಾರ್ಕ್‌ನಲ್ಲಿ ಆ ಕಂಪನಿಯ ಷೇರು ಅಂದೇ ಕುಸಿಯಿತು. ಇಲ್ಲಿ ಮಾರಲು ಬಾಗಿಲೇ ತೆರೆದಿರಲಿಲ್ಲ. ಮಂಗಳವಾರ ಬೆಳಿಗ್ಗೆ ಷೇರು ಸುಮಾರು ಶೇಕಡ 10ರಷ್ಟು ಕೆಳಗೆ, 691ರ ಆಸುಪಾಸಿನಲ್ಲಿ ತೆರೆಯಿತು. ದಿನದ ಕೊನೆಗೆ ಸುಮಾರು 643ಕ್ಕೆ ಮುಗಿಯಿತು. 2020ರ ಜನವರಿಯಲ್ಲಿ ಕಂಪನಿಯ ಆಡಿಟ್ ಸಮಿತಿ ಆರೋಪಗಳಿಗೆ ಪುರಾವೆ ಸಿಕ್ಕಿಲ್ಲ ಎಂದು ಹೇಳಿತು. ಆದರೆ ಅಕ್ಟೋಬರ್‌ನ ಆ ಬೆಳಿಗ್ಗೆ ಸ್ಟಾಪ್ ಲಾಸ್ ಆರ್ಡರ್‌ಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ.

730ಕ್ಕೆ ಸ್ಟಾಪ್ ಹಾಕಿದ್ದವರ ಗತಿಯೇನು? 768ರಿಂದ 691ಕ್ಕೆ ಬರುವಾಗ ನಡುವಿನ ಯಾವ ಬೆಲೆಯಲ್ಲೂ ವ್ಯಾಪಾರವೇ ನಡೆಯಲಿಲ್ಲ. ಆರ್ಡರ್ ಎಚ್ಚರಗೊಂಡಾಗ ಸಿಕ್ಕ ಬೆಲೆ 691. ಒಂದು ಷೇರಿಗೆ 38 ರೂಪಾಯಿ ನಷ್ಟ ಎಂದು ಯೋಚಿಸಿದ್ದವರಿಗೆ 77 ರೂಪಾಯಿ ನಷ್ಟವಾಯಿತು.

ಹಾಳೆಯಲ್ಲಿ ಒಂದು ಸೂತ್ರ

ಕಂಪ್ಯೂಟರ್ ಲ್ಯಾಬಿನ ಸ್ಪ್ರೆಡ್‌ಶೀಟ್ ಸಾಕು. ಪ್ರತಿ ದಿನಕ್ಕೆ ಒಂದು ಸಾಲು: B ಕಾಲಂನಲ್ಲಿ ತೆರೆದ ಬೆಲೆ, C ಯಲ್ಲಿ ಗರಿಷ್ಠ, D ಯಲ್ಲಿ ಕನಿಷ್ಠ, E ಯಲ್ಲಿ ಮುಕ್ತಾಯದ ಬೆಲೆ, F ನಲ್ಲಿ ಸ್ಟಾಪ್. ಹೆಚ್ಚಿನವರು ಬರೆಯುವ ಸೂತ್ರ ಹೀಗಿರುತ್ತದೆ:

```
=IF(D2>F2, "", F2)
```

ಅಂದರೆ ದಿನದ ಕನಿಷ್ಠ ಬೆಲೆ ಸ್ಟಾಪ್‌ಗಿಂತ ಮೇಲಿದ್ದರೆ ಏನೂ ಇಲ್ಲ. ಇಲ್ಲದಿದ್ದರೆ ಸ್ಟಾಪ್ ಬೆಲೆಗೆ ಮಾರಾಟ. ಅಕ್ಟೋಬರ್ 22ರಂದು ಇದು 730 ಎಂದು ಬರೆಯುತ್ತದೆ. ಆ ದಿನ ಯಾರಿಗೂ ಸಿಗದ ಬೆಲೆ ಅದು. ಸರಿಯಾದ ಸೂತ್ರಕ್ಕೆ ಒಂದೇ ಪದ ಹೆಚ್ಚು ಬೇಕು:

```
=IF(D2>F2, "", MIN(B2, F2))
```

ತೆರೆದ ಬೆಲೆ ಮತ್ತು ಸ್ಟಾಪ್, ಎರಡರಲ್ಲಿ ಯಾವುದು ಕಡಿಮೆಯೋ ಅದು. ಷೇರು ಸ್ಟಾಪ್‌ಗಿಂತ ಮೇಲೆ ತೆರೆದು ಆಮೇಲೆ ಇಳಿದರೆ ಉತ್ತರ ಸ್ಟಾಪ್ ಬೆಲೆ. ಕೆಳಗೇ ತೆರೆದರೆ ಉತ್ತರ ತೆರೆದ ಬೆಲೆ. F ನಲ್ಲಿರುವ ಸ್ಟಾಪ್ ಹಿಂದಿನ ದಿನದ ಮುಕ್ತಾಯದೊಳಗೇ ನಿರ್ಧಾರವಾಗಿರಬೇಕು. ಇಂದಿನ ಬೆಲೆ ನೋಡಿ ಇಂದಿನ ಸ್ಟಾಪ್ ಬದಲಿಸಿದರೆ, ಉತ್ತರ ನೋಡಿಕೊಂಡು ಪ್ರಶ್ನೆ ಬರೆದಂತಾಗುತ್ತದೆ.

ಹತ್ತಿರದ ಸ್ಟಾಪ್ ಹೆಚ್ಚು ಸುರಕ್ಷಿತವೇ?

ಇಲ್ಲಿಂದ ಲೆಕ್ಕ ನಿಜಕ್ಕೂ ಕುತೂಹಲಕರ. ಬಹಳ ಜನ ಪಾಲಿಸುವ ನಿಯಮವೆಂದರೆ ಒಂದು ವ್ಯವಹಾರದಲ್ಲಿ ಬಂಡವಾಳದ ಶೇಕಡ 2ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬುದು. ಒಂದು ಲಕ್ಷ ರೂಪಾಯಿಗೆ ಅದು 2,000. ಸ್ಟಾಪ್ ಎಷ್ಟು ದೂರ ಎಂದು ನೋಡಿ, 2,000ವನ್ನು ಆ ದೂರದಿಂದ ಭಾಗಿಸಿದರೆ ಎಷ್ಟು ಷೇರು ಕೊಳ್ಳಬಹುದು ಎಂದು ಸಿಗುತ್ತದೆ. ಇನ್ಫೋಸಿಸ್ ದಿನಕ್ಕೆ ಮೂರು ಬೇರೆ ಸ್ಟಾಪ್ ಹಾಕಿ ನೋಡೋಣ.

| ಸ್ಟಾಪ್ ಬೆಲೆ | ಷೇರಿಗೆ ದೂರ | ಷೇರುಗಳು | ಯೋಜಿಸಿದ ನಷ್ಟ | 691ರಲ್ಲಿ ಆದ ನಷ್ಟ |
|---|---|---|---|---|
| 753 | 15 | 130 | 1,950 | 10,010 |
| 730 | 38 | 52 | 1,976 | 4,004 |
| 706 | 62 | 32 | 1,984 | 2,464 |

(ಮೊದಲ ಸಾಲಿನಲ್ಲಿ ಭಾಗಾಕಾರದಿಂದ 133 ಬರುತ್ತದೆ. ಆದರೆ ಒಂದು ಲಕ್ಷಕ್ಕೆ 130 ಷೇರು ಮಾತ್ರ ಸಿಗುತ್ತವೆ.)

ಯೋಜಿಸಿದ ನಷ್ಟದ ಕಾಲಂ ಓದಿದರೆ ಮೂರೂ ಒಂದೇ. ಕೊನೆಯ ಕಾಲಂ ಓದಿದರೆ ಎಲ್ಲಕ್ಕಿಂತ ಬಿಗಿಯಾದ ಸ್ಟಾಪ್ ಹಾಕಿದವರೇ ಐದು ಪಟ್ಟು ಕಳೆದುಕೊಂಡಿದ್ದಾರೆ. ಕಾರಣ ಸರಳ. ಸ್ಟಾಪ್ ಹತ್ತಿರವಿದ್ದಷ್ಟೂ ನಿಯಮ ಹೆಚ್ಚು ಷೇರು ಕೊಳ್ಳಲು ಬಿಡುತ್ತದೆ. ಗ್ಯಾಪ್ ಬಿದ್ದಾಗ ಸ್ಟಾಪ್ ಎಲ್ಲಿತ್ತು ಎಂಬುದಕ್ಕೆ ಬೆಲೆಯೇ ಇಲ್ಲ, ಕೈಯಲ್ಲಿ ಎಷ್ಟು ಷೇರಿದ್ದವು ಎಂಬುದು ಮಾತ್ರ ಲೆಕ್ಕಕ್ಕೆ ಬರುತ್ತದೆ. ದೂರದ ಸ್ಟಾಪ್ ಕೂಡ ಪುಕ್ಕಟೆಯಲ್ಲ. 32 ಷೇರು ಇಟ್ಟವರಿಗೆ ಬೆಲೆ ಏರಿದಾಗ ಸಿಗುವ ಲಾಭ 130 ಇಟ್ಟವರ ಕಾಲು ಭಾಗ ಮಾತ್ರ. ಮೊದಲ ಸೂತ್ರ ಬಳಸಿದ ಹಾಳೆಯಲ್ಲಿ ಬಿಗಿ ಸ್ಟಾಪ್ ನಿಜಕ್ಕಿಂತ ಚೆನ್ನಾಗಿ ಕಾಣುವುದು ಇದರಿಂದಲೇ: ಅದು ದೊಡ್ಡ ಲಾಭವನ್ನು ಬರೆದುಕೊಳ್ಳುತ್ತದೆ, ದೊಡ್ಡ ನಷ್ಟವನ್ನು ಬರೆಯುವುದಿಲ್ಲ.

ಡ್ರಾಡೌನ್ ಮೇಲೆ ಪರಿಣಾಮ

ಖಾತೆಯಲ್ಲಿದ್ದ ಹಣ ತಾನು ಏರಿದ ಅತಿ ಎತ್ತರದಿಂದ ಎಷ್ಟು ಕೆಳಗಿಳಿಯಿತು ಎಂಬುದೇ ಡ್ರಾಡೌನ್. ಖಾತೆಯ ಮೊತ್ತ J ಕಾಲಂನಲ್ಲಿದ್ದರೆ, K ಯಲ್ಲಿ ಅಲ್ಲಿಯವರೆಗಿನ ಗರಿಷ್ಠ, L ನಲ್ಲಿ ಕುಸಿತ:

```
K2: =MAX(J$2:J2)
L2: =(K2-J2)/K2
```

L ಕಾಲಂನ ಅತಿ ದೊಡ್ಡ ಸಂಖ್ಯೆ ಗರಿಷ್ಠ ಡ್ರಾಡೌನ್. ಉದಾಹರಣೆಗೆ ಬಿಗಿ ಸ್ಟಾಪ್‌ನ ಎಂಟು ವ್ಯವಹಾರಗಳನ್ನು ಕಲ್ಪಿಸಿಕೊಳ್ಳಿ. ಆರಂಭ 1,00,000. ಫಲಿತಾಂಶಗಳು ಕ್ರಮವಾಗಿ: 3,000 ಲಾಭ, 4,000 ಲಾಭ, 2,000 ನಷ್ಟ, 2,000 ನಷ್ಟ, ಗ್ಯಾಪ್ ದಿನ, 3,000 ಲಾಭ, 2,000 ನಷ್ಟ, 5,000 ಲಾಭ.

ಗ್ಯಾಪ್ ದಿನವನ್ನು 2,000 ನಷ್ಟ ಎಂದು ಬರೆದರೆ ಖಾತೆ 1,07,000ದಿಂದ 1,01,000ಕ್ಕೆ ಇಳಿದು, ಕೊನೆಗೆ ಮತ್ತೆ 1,07,000 ತಲುಪುತ್ತದೆ. ಗರಿಷ್ಠ ಡ್ರಾಡೌನ್ ಶೇಕಡ 5.6. ಅದೇ ದಿನವನ್ನು 10,000 ನಷ್ಟ ಎಂದು ಬರೆದರೆ ಖಾತೆ 93,000ಕ್ಕೆ ಬೀಳುತ್ತದೆ. ಡ್ರಾಡೌನ್ ಶೇಕಡ 13.1. ಕೊನೆಯಲ್ಲಿ ಉಳಿಯುವುದು 99,000. ಹಾಕಿದ ಹಣವೂ ಪೂರ್ತಿ ಇಲ್ಲ. ಹಳೆಯ ಎತ್ತರಕ್ಕೆ ಮರಳಲು ಮೊದಲ ಹಾಳೆಗೆ ಶೇಕಡ 6ರಷ್ಟು ಲಾಭ ಸಾಕು, ಎರಡನೆಯದಕ್ಕೆ ಶೇಕಡ 15 ಬೇಕು. ಎಂಟರಲ್ಲಿ ಬದಲಾದದ್ದು ಒಂದೇ ಸಾಲು. ನೂರಾರು ವ್ಯವಹಾರಗಳ ಸರಾಸರಿ ಲಾಭದಲ್ಲಿ ಇಂಥ ಒಂದು ಸಾಲು ಕಾಣದೇ ಹೋಗಬಹುದು. ಗರಿಷ್ಠ ಡ್ರಾಡೌನ್ ಮಾತ್ರ ಸರಾಸರಿಯಲ್ಲ, ಅದು ಅತಿ ಕೆಟ್ಟ ಜಾಗವನ್ನೇ ತೋರಿಸುತ್ತದೆ. ಹಾಗಾಗಿ ಪೆಟ್ಟು ಅಲ್ಲೇ ಬೀಳುತ್ತದೆ.

ಇನ್ನೊಂದು ಮಾತು. ಗ್ಯಾಪ್‌ಗಳು ಒಂಟಿಯಾಗಿಯೇ ಬರುತ್ತವೆ ಎಂದೇನಿಲ್ಲ. 2020ರ ಮಾರ್ಚ್ 20ರಂದು 8,745ರಲ್ಲಿ ಮುಗಿದ ನಿಫ್ಟಿ, ಸೋಮವಾರ 23ರಂದು ಸುಮಾರು 800 ಅಂಶ ಕೆಳಗೆ ತೆರೆಯಿತು. ಬೇರೆ ಬೇರೆ ಕಂಪನಿಗಳ ಐದು ಷೇರು ಇಟ್ಟಿದ್ದೇನೆ ಎಂದವರ ಐದೂ ಸ್ಟಾಪ್‌ಗಳು ಅಂಥ ಬೆಳಿಗ್ಗೆ ಒಟ್ಟಿಗೇ ದಾಟಿಹೋಗುತ್ತವೆ. ಅದೂ ಖಾತೆ ಮೊದಲೇ ಇಳಿಯುತ್ತಿರುವ ವಾರಗಳಲ್ಲಿ.

ಯಾರಾದರೂ ಹಾಳೆ ತೋರಿಸಿದರೆ

ನನ್ನ ಮಾಮು ಅಂಗಡಿಯ ಹಣ ಹಾಕುವ ಮೊದಲು, ಯಾರೋ ಮಾರುತ್ತಿದ್ದ ಒಂದು "ವಿಧಾನ"ದ ಹಾಳೆಯನ್ನು ನನಗೆ ಕೊಟ್ಟು, "ಬೇಟಾ, ಇದರ ಲೆಕ್ಕ ಸರಿ ಇದೆಯಾ ನೋಡು" ಎಂದಿದ್ದರು. ಕೂಡಿಸಿ ಕಳೆದದ್ದೆಲ್ಲ ಸರಿಯಾಗಿಯೇ ಇತ್ತು. ಆದರೆ ಹೊಸದೊಂದು ಕಾಲಂ ಸೇರಿಸಿ, ಪ್ರತಿ ನಷ್ಟವನ್ನೂ ಯೋಜಿಸಿದ ನಷ್ಟದಿಂದ ಭಾಗಿಸಿದಾಗ ಎಲ್ಲ ಸಾಲಿನಲ್ಲೂ 1 ಬಂತು. ರಾತ್ರಿಯಿಡೀ ಷೇರು ಇಟ್ಟುಕೊಳ್ಳುವ ವಿಧಾನದಲ್ಲಿ ವರ್ಷಗಟ್ಟಲೆ ಒಂದೇ ಒಂದು 1.3 ಅಥವಾ 2 ಕೂಡ ಬಾರದಿದ್ದರೆ, ಆ ಹಾಳೆ ಮೊದಲ ಸೂತ್ರದಲ್ಲಿ ಬರೆದದ್ದು ಎಂದೇ ತಿಳಿಯಬೇಕು. ಮಾಮುಗೆ ಅದನ್ನೇ ಹೇಳಿದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೆ ಒಂದು ಬೋನಸ್ ಷೇರು ಕೊಟ್ಟಿತು. ಷೇರುಗಳ ಸಂಖ್ಯೆ ಎರಡರಷ್ಟಾಗಿ ಬೆಲೆ ಅರ್ಧವಾಯಿತು, ಯಾರಿಗೂ ನಷ್ಟವಾಗಲಿಲ್ಲ. ಹಳೆಯ ಬೆಲೆಗಳನ್ನು ಅದಕ್ಕೆ ತಕ್ಕಂತೆ ಹೊಂದಿಸದಿದ್ದರೆ ನಿಮ್ಮ ಹಾಳೆ ಅದನ್ನು ಶೇಕಡ 50ರ ಗ್ಯಾಪ್ ಎಂದು ಓದುತ್ತದೆ. ಆದ್ದರಿಂದ ತೀರ ದೊಡ್ಡ ಗ್ಯಾಪ್ ಕಂಡಾಗ ಮೊದಲು ಆ ದಿನಾಂಕಕ್ಕೆ ಬೋನಸ್ ಅಥವಾ ಷೇರು ವಿಭಜನೆ ಇತ್ತೇ ಎಂದು ನೋಡಬೇಕು.

ಈ ಸೂತ್ರಕ್ಕೂ ಮಿತಿಗಳಿವೆ

ಟ್ರಿಗರ್ ಬೆಲೆಯ ಜೊತೆಗೆ ಲಿಮಿಟ್ ಬೆಲೆಯನ್ನೂ ಹಾಕುವ ಸ್ಟಾಪ್ ಆರ್ಡರ್ ಒಂದಿದೆ. ಟ್ರಿಗರ್ 730, ಲಿಮಿಟ್ 725 ಎಂದಿದ್ದರೆ 725ಕ್ಕಿಂತ ಕಡಿಮೆಗೆ ಮಾರಬೇಡ ಎಂದರ್ಥ. ಷೇರು 691ಕ್ಕೆ ತೆರೆದಾಗ ಈ ಆರ್ಡರ್ ಎಚ್ಚರಗೊಂಡು ಸುಮ್ಮನೆ ಕಾಯುತ್ತದೆ. ಬೆಲೆ ಮೇಲೆ ಬಾರದಿದ್ದರೆ ಷೇರು ಕೈಯಲ್ಲೇ ಉಳಿಯುತ್ತದೆ. 52 ಷೇರಿನವರಿಗೆ ಅಂದಿನ 643ರ ಮುಕ್ತಾಯದಲ್ಲಿ ನಷ್ಟ 6,500. ಇಂಥ ಆರ್ಡರ್ ಬಳಸುವವರಿಗೆ MIN ಸೂತ್ರವೂ ಉದಾರವೇ. ಸಣ್ಣ ಕಂಪನಿಗಳ ಷೇರು ಕೆಳಗಿನ ಸರ್ಕ್ಯೂಟ್‌ಗೆ ಸಿಕ್ಕಿಕೊಂಡು ಕೊಳ್ಳುವವರೇ ಇಲ್ಲದ ದಿನ ತೆರೆದ ಬೆಲೆಯೂ ಸಿಗುವುದಿಲ್ಲ. ಆಗ ಮಾರಾಟವನ್ನು ಮುಂದಿನ ದಿನಕ್ಕೆ ತಳ್ಳಿ ಲೆಕ್ಕ ಹಾಕಬೇಕು. ಅದೇ ದಿನ ಕೊಂಡು 3.30ರೊಳಗೆ ಮಾರುವವರಿಗೆ ಮಾತ್ರ ರಾತ್ರಿಯ ಗ್ಯಾಪ್ ಕಾಡುವುದಿಲ್ಲ.

ಲ್ಯಾಬಿನಲ್ಲಿ ಮಾಡಿ ನೋಡಲು ಒಂದು ಅಭ್ಯಾಸ: ಯಾವುದಾದರೂ ಒಂದು ಷೇರಿನ ಐದು ವರ್ಷದ ದಿನವಹಿ ಬೆಲೆ ತೆಗೆದುಕೊಂಡು ಎರಡೂ ಸೂತ್ರಗಳನ್ನು ಅಕ್ಕಪಕ್ಕದ ಕಾಲಂನಲ್ಲಿ ಹಾಕಿ. ಎರಡು ಗರಿಷ್ಠ ಡ್ರಾಡೌನ್‌ಗಳ ವ್ಯತ್ಯಾಸವನ್ನು ಮೊದಲು ಶೇಕಡ 2ರ ಸ್ಟಾಪ್‌ಗೆ, ಆಮೇಲೆ ಶೇಕಡ 8ರ ಸ್ಟಾಪ್‌ಗೆ ಬರೆದುಕೊಳ್ಳಿ. "ಸ್ಟಾಪ್ ಲಾಸ್ ಹಾಕಿದ್ದೇನೆ" ಎಂಬ ಮಾತಿಗೆ ಆ ಷೇರಿನಲ್ಲಿ ಎಷ್ಟು ತೂಕ ಕೊಡಬೇಕು ಎಂದು ಆ ಎರಡು ಸಂಖ್ಯೆಗಳು ಹೇಳುತ್ತವೆ.