ಮೊದಲು ಬೆಲೆ ಹೇಳುವವರು ಯಾರು?

ಆಡು ಕೊಳ್ಳಲು ಬಂದ ವ್ಯಾಪಾರಿ ಅದರ ಬೆನ್ನು ತಡವಿ, "ಮೂರೂವರೆ ಸಾವಿರ ಕೊಡ್ತೀನಿ ಅಕ್ಕಾ" ಅಂತಾನೆ. ನೀವು ನಾಲ್ಕು ಅಂತೀರಿ. ಕೊನೆಗೆ 3,800ಕ್ಕೆ ಮುಗಿಯುತ್ತದೆ. ಮುನ್ನೂರು ಹೆಚ್ಚು ಸಿಕ್ಕಿತೆಂದು ನಮಗೆ ಸಂತೋಷ! ಆದರೆ ಇಡೀ ಚೌಕಾಸಿ ನಡೆದದ್ದು ಅವನು ನೆಟ್ಟ ಗೂಟದ ಸುತ್ತಲೇ. ಮೊದಲು ಕಿವಿಗೆ ಬಿದ್ದ ಅಂಕಿ ನಮ್ಮ ಅಂದಾಜನ್ನು ತನ್ನ ಕಡೆಗೆ ಎಳೆಯುತ್ತದೆ. ಚಕ್ರ ತಿರುಗಿಸಿ ಬಂದ, ಅರ್ಥವೇ ಇಲ್ಲದ ಅಂಕಿಯೂ ಹೀಗೆ ಎಳೆಯುತ್ತದೆಂದು ಟ್ವೆರ್ಸ್ಕಿ, ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ತೋರಿಸಿದರು.

ಆದ್ದರಿಂದ ಅವನು ಬರುವ ಮೊದಲೇ ಆಡನ್ನು ತೂಗಿ. 20 ಕಿಲೋ ಆಡಿನಲ್ಲಿ ಸುಮಾರು 9 ಕಿಲೋ ಮಾಂಸ ಸಿಗುತ್ತದೆ. ಪೇಟೆಯಲ್ಲಿ ಕಿಲೋಗೆ 700 ರೂಪಾಯಿ ಎಂದಿಟ್ಟುಕೊಂಡರೆ 6,300 ಆಯಿತು. (ತಲೆ, ಕಾಲಿನ ಹಣ ಬೇರೆ, ಅದನ್ನು ಅವನು ಹೇಳೋದಿಲ್ಲ.) ಸಾಗಣೆ, ಅಂಗಡಿ ಖರ್ಚು, ಲಾಭ ಕಳೆದರೂ 5,000 ಕೊಡಬಲ್ಲ. ಇಷ್ಟು ಗೊತ್ತಿದ್ದರೆ ನೀವೇ ಮೊದಲು 5,800 ಹೇಳಿ, ಲೆಕ್ಕವನ್ನೂ ಹೇಳಿ. ಹತ್ತು ಸಾವಿರ ಅಂದರೆ ಮಾತಾಡದೆ ಹೋಗಿಬಿಡ್ತಾನೆ.

ಬಕ್ರೀದ್ ಮುಂಚೆ ಮಾತ್ರ ಬಾಯಿ ಬಿಗಿ ಹಿಡಿಯಿರಿ. ಕುಂದಿಲ್ಲದ, ಅಂದವಾದ ಹೋತಕ್ಕೆ ಆಗ ಮಾಂಸದ ಲೆಕ್ಕಕ್ಕಿಂತ ಹೆಚ್ಚು ಕೊಡುವವರಿರುತ್ತಾರೆ. ಎಷ್ಟೆಂದು ನಮಗೆ ತಿಳಿಯದು. ನೀವೇ ಮೊದಲು 5,800 ಅಂದರೆ, ಎಂಟು ಸಾವಿರ ಕೊಡಲು ಬಂದವನೂ ಸುಮ್ಮನೆ ಒಪ್ಪಿಕೊಳ್ತಾನೆ. ಸಂತೆಯಲ್ಲಿ ವಿಚಾರಿಸಿ, ಇಬ್ಬರು ವ್ಯಾಪಾರಿಗಳ ಬಾಯಲ್ಲಿ ಬೆಲೆ ಕೇಳಿ.

ಅವನೇ ಮೊದಲು ಮೂರೂವರೆ ಅಂದುಬಿಟ್ಟರೆ? ಅದರ ಮೇಲೆ ಇನ್ನೂರು, ಮುನ್ನೂರು ಏರಿಸುತ್ತಾ ಹೋಗಬೇಡಿ. "ಆ ಮಾತು ಬಿಡಣ್ಣ, ತಕ್ಕಡಿ ತರ್ತೀನಿ" ಎಂದು ನಿಮ್ಮ ಲೆಕ್ಕದಿಂದಲೇ ಶುರುಮಾಡಿ.